ಹನ್ನೆರಡು ಪಾಯಿಂಟ್ ಏಳು

ಚಿಕ್ಕಪ್ಪ ಫಸಲನ್ನು ಒಂದೇ ಸಲಕ್ಕೆ ಮಾರುವವರಲ್ಲ. ಇದ್ದದ್ದನ್ನೆಲ್ಲ ಒಂದೇ ದಿನ ಹೇರಿಕೊಂಡು ಹೋದರೆ ಅವತ್ತಿನ ದರಕ್ಕೆ ತಲೆ ಕೊಟ್ಟ ಹಾಗೆ ಅನ್ನುವುದು ಅವರ ವಾದ. ಹಾಗಾಗಿ ಹೋದ ಸಲದ ಧಾನ್ಯ ಆರು ಸಂತೆಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಹೋಯಿತು. ಆರೂ ಸಲ ಕೊಂಡವರು ಒಬ್ಬರೇ ವ್ಯಾಪಾರಿ. ಪ್ರತಿ ಸಲ ಮನೆಗೆ ಬಂದ ಮೇಲೆ ಚಿಕ್ಕಪ್ಪ ಒಂದು ಸಣ್ಣ ಪುಸ್ತಕದಲ್ಲಿ ಒಂದೇ ಒಂದು ಸಾಲು ಬರೆಯುತ್ತಿದ್ದರು. ಇಷ್ಟು ಕ್ವಿಂಟಲ್, ಒಂದು ಅಡ್ಡಗೆರೆ, ಇಷ್ಟು ಕೆಜಿ. ಅಷ್ಟೇ. ಆರನೇ ಸಂತೆಯ ರಾತ್ರಿ ಆ ಪುಸ್ತಕವನ್ನು ನನ್ನ ಮುಂದಿಟ್ಟು, "ಒಟ್ಟು ಎಷ್ಟಾಯ್ತು ನೋಡೋ" ಅಂದರು. ಅದರಲ್ಲಿ ಇದ್ದದ್ದು ಇಷ್ಟು:

8 – 65
12 – 7
6 – 90
10 – 48
9 – 5
7 – 82

ಆರು ಸಾಲಿನ ಕೂಡುವ ಲೆಕ್ಕ. ನಾನು ಫೋನ್ ತೆಗೆದು ಕ್ಯಾಲ್ಕುಲೇಟರ್‌ನಲ್ಲಿ ಚಕಚಕ ಒತ್ತಿದೆ. ಎಂಟು ಪಾಯಿಂಟ್ ಅರವತ್ತೈದು, ಹನ್ನೆರಡು ಪಾಯಿಂಟ್ ಏಳು, ಆರು ಪಾಯಿಂಟ್ ತೊಂಬತ್ತು... ಕೊನೆಗೆ ಪರದೆಯ ಮೇಲೆ ಬಂದದ್ದು 56.05. "ಐವತ್ತಾರು ಕ್ವಿಂಟಲ್, ಐದು ಕೆಜಿ" ಅಂದೆ. ಚಿಕ್ಕಪ್ಪನ ಮುಖ ಅರಳಿತು. "ಸರಿಯಾಗಿದೆ ಬಿಡು. ಒಳಗೆ ತುಂಬಿಡುವಾಗ ತೂಗಿದ್ದೆ. ಆಗಲೂ ಐವತ್ತಾರರ ಹತ್ತಿರಾನೇ ಇತ್ತು."

ವ್ಯಾಪಾರಿಯ ಕಡೆಯಿಂದ ಒಟ್ಟು ಲೆಕ್ಕದ ಚೀಟಿ ಬಂದದ್ದು ಎರಡು ದಿನ ಬಿಟ್ಟು. ಅದರಲ್ಲಿ ಒಟ್ಟು ತೂಕ 54 ಕ್ವಿಂಟಲ್ 97 ಕೆಜಿ. ನಮ್ಮ ಲೆಕ್ಕಕ್ಕಿಂತ 108 ಕೆಜಿ ಕಡಿಮೆ. ಒಂದು ಕ್ವಿಂಟಲ್‌ಗಿಂತ ಜಾಸ್ತಿ! ಚಿಕ್ಕಪ್ಪ ಏನೂ ಮಾತಾಡಲಿಲ್ಲ. ಪುಸ್ತಕವನ್ನೂ ಚೀಟಿಯನ್ನೂ ಅಕ್ಕಪಕ್ಕ ಇಟ್ಟುಕೊಂಡು ಸುಮ್ಮನೆ ಕೂತಿದ್ದರು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಮನೆಯಲ್ಲಿ ತೂಗಿದ್ದು ಐವತ್ತಾರು, ಪುಸ್ತಕ ಕೂಡಿದರೆ ಐವತ್ತಾರು, ಅವರ ಚೀಟಿಯಲ್ಲಿ ಮಾತ್ರ ಐವತ್ತೈದೂ ಇಲ್ಲ. ಇನ್ನೇನು ಸಾಕ್ಷಿ ಬೇಕು ಅಂದುಕೊಂಡು ಮಾರನೇ ದಿನವೇ ಪುಸ್ತಕ ಹಿಡಿದು ಹೊರಟೆ.

ಗುಮಾಸ್ತರು ಮಾಡಿದ ಭಾಗಾಕಾರ

ಅಂಗಡಿಯಲ್ಲಿ ವ್ಯಾಪಾರಿ ಇರಲಿಲ್ಲ. ಲೆಕ್ಕ ಬರೆಯುವ ವಯಸ್ಸಾದ ಗುಮಾಸ್ತರೊಬ್ಬರು ಇದ್ದರು. ನಾನು ಸ್ವಲ್ಪ ಜೋರಾಗಿಯೇ ಮಾತು ಶುರು ಮಾಡಿದೆ ಅನ್ನಿಸುತ್ತದೆ. ತೂಕ ಹೊಡೆದಿದ್ದೀರಿ ಅನ್ನುವ ಮಾತೂ ಬಂತು. ಅವರು ಸಿಟ್ಟಾಗಲಿಲ್ಲ. ಪುಸ್ತಕವನ್ನೂ ಕೇಳಲಿಲ್ಲ. ಒಂದೇ ಪ್ರಶ್ನೆ ಕೇಳಿದರು.

"ವ್ಯತ್ಯಾಸ ಎಷ್ಟು ಬಂತಪ್ಪಾ?"

"ನೂರಾ ಎಂಟು ಕೆಜಿ."

ಅವರು ಮುಂದಿದ್ದ ಹಾಳೆಯ ಮೂಲೆಯಲ್ಲಿ 108 ಅಂತ ಬರೆದು, ಒಂಬತ್ತರಿಂದ ಭಾಗಿಸಿ, ಕೆಳಗೆ 12 ಅಂತ ಬರೆದರು. "ಒಂಬತ್ತಕ್ಕೆ ಸರಿಯಾಗಿ ಹೋಯ್ತು ನೋಡಿ. ನಿಮ್ಮ ಪುಸ್ತಕದಲ್ಲಿ ಕೆಜಿ ಹತ್ತಕ್ಕಿಂತ ಕಮ್ಮಿ ಬಂದಿರೋ ದಿನ ಯಾವ್ಯಾವುದು?"

ನೋಡಿದೆ. ಎರಡನೇ ಸಂತೆಯಲ್ಲಿ ಏಳು ಕೆಜಿ. ಐದನೇ ಸಂತೆಯಲ್ಲಿ ಐದು ಕೆಜಿ.

"ಏಳೂ ಐದೂ ಹನ್ನೆರಡು" ಅಂದರು. ಆ 12ರ ಕೆಳಗೆ ಒಂದು ಗೆರೆ ಎಳೆದು, ಪೆನ್ನಿನ ಮುಚ್ಚಳ ಹಾಕಿದರು. "ಏಳನ್ನ ಎಪ್ಪತ್ತು ಅಂತ, ಐದನ್ನ ಐವತ್ತು ಅಂತ ಕೂಡಿದ್ದೀರಿ. ಫೋನಲ್ಲಿ ಪಾಯಿಂಟ್ ಹಾಕಿ ಒತ್ತಿರ್ತೀರಿ, ಅಲ್ವಾ?"

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಪುಸ್ತಕ ನೋಡದೆ, ಕ್ಯಾಲ್ಕುಲೇಟರ್ ಮುಟ್ಟದೆ, ಬರೀ ವ್ಯತ್ಯಾಸದ ಅಂಕಿಯಿಂದ ಅವರು ನನ್ನ ತಪ್ಪು ಎಲ್ಲಿದೆ, ಹೇಗಾಯಿತು ಅನ್ನುವುದನ್ನು ಹೇಳಿಬಿಟ್ಟಿದ್ದರು. ಎದ್ದು ಬರುವಾಗ ಕ್ಷಮೆ ಕೇಳಿದೆ. "ನಿಮ್ಮಂಥವರು ಪ್ರತಿ ಸುಗ್ಗಿಗೆ ಮೂರ್ನಾಲ್ಕು ಜನ ಬರ್ತಾರೆ, ಬಿಡಿ" ಅಂದರು. ಅದು ಸಮಾಧಾನಕ್ಕೆ ಹೇಳಿದ್ದೋ, ಬೈದದ್ದೋ, ಈಗಲೂ ಗೊತ್ತಿಲ್ಲ.

ಅವರ ಉಪಾಯದ ಒಳಗುಟ್ಟು ಮನೆಗೆ ಬರುವ ದಾರಿಯಲ್ಲಿ ಹೊಳೆಯಿತು. 12 ಕ್ವಿಂಟಲ್ 7 ಕೆಜಿ ಅಂದರೆ 12.07 ಕ್ವಿಂಟಲ್. ನಾನು ಒತ್ತಿದ್ದು 12.7. ಅಂದರೆ 12 ಕ್ವಿಂಟಲ್ 70 ಕೆಜಿ. ಏಳರ ಬದಲು ಏಳರ ಹತ್ತು ಪಟ್ಟು ಸೇರಿತು. ಹತ್ತು ಪಟ್ಟಿನಲ್ಲಿ ಒಂದು ಪಟ್ಟು ನಿಜವಾಗಿ ಇರಬೇಕಾದದ್ದು, ಉಳಿದ ಒಂಬತ್ತು ಪಟ್ಟು ಸುಳ್ಳು. ಏಳಕ್ಕೆ ಅರವತ್ತಮೂರು, ಐದಕ್ಕೆ ನಲವತ್ತೈದು. ಕೂಡಿದರೆ 108. ಇಂಥ ತಪ್ಪು ಎಷ್ಟು ಸಾಲಿನಲ್ಲಿ ಆದರೂ ಒಟ್ಟು ವ್ಯತ್ಯಾಸ ಒಂಬತ್ತರ ಮಗ್ಗಿಯಲ್ಲೇ ಬರಬೇಕು. ಒಂಬತ್ತರಿಂದ ಭಾಗಿಸಿದರೆ ಸಿಗುವುದು ಆ ಸಣ್ಣ ಕೆಜಿಗಳ ಮೊತ್ತ. ತಪ್ಪು ಒಂದೇ ಸಾಲಿನಲ್ಲಿ ಆಗಿದ್ದರಂತೂ ಕೆಲಸ ಇನ್ನೂ ಸುಲಭ. ವ್ಯತ್ಯಾಸ 63 ಬಂದರೆ ಏಳು ಕೆಜಿಯ ಸಾಲು ಹುಡುಕಿದರೆ ಆಯಿತು.

ತಪ್ಪು ಯಾಕೆ ಕಾಣಲಿಲ್ಲ

ಅವಮಾನ ಆರಿದ ಮೇಲೂ ಒಂದು ವಿಷಯ ಕೊರೆಯುತ್ತಲೇ ಇತ್ತು. ಇದೇ ತಪ್ಪನ್ನು ನಾನು ಗಂಟೆ-ನಿಮಿಷದಲ್ಲಿ ಮಾಡುವುದಿಲ್ಲ. ಏಳು ಮೂವತ್ತು ಅನ್ನುವುದನ್ನು 7.30 ಅಂತ ಬರೆಯುತ್ತೇನೆ, ಆದರೆ ಅದನ್ನು ಯಾವತ್ತೂ ಕ್ಯಾಲ್ಕುಲೇಟರ್‌ಗೆ ಹಾಕಿ ಕೂಡಿಲ್ಲ. ಕ್ರಿಕೆಟ್‌ನಲ್ಲಿ 12.4 ಓವರ್ ಅಂದರೆ ಹನ್ನೆರಡು ಓವರ್, ನಾಲ್ಕು ಎಸೆತ. ಅಲ್ಲಿನ ಚುಕ್ಕಿ ದಶಾಂಶದ ಚುಕ್ಕಿ ಅಲ್ಲ ಅಂತ ಯಾರೂ ಹೇಳಿಕೊಡದಿದ್ದರೂ ಎಲ್ಲರಿಗೂ ಗೊತ್ತು. ಹಾಗಿದ್ದರೆ ಕ್ವಿಂಟಲ್-ಕೆಜಿಯಲ್ಲಿ ಮಾತ್ರ ಯಾಕೆ ಮೋಸ ಹೋದೆ?

ಕ್ವಿಂಟಲ್‌ಗೆ ನೂರು ಕೆಜಿ ಇರುವುದರಿಂದಲೇ! ಅರವತ್ತು ಅಥವಾ ಆರು ಇದ್ದಿದ್ದರೆ ಚುಕ್ಕಿ ಹಾಕಿ ಕೂಡಿದ ಮೊದಲ ದಿನವೇ ಉತ್ತರ ಅಡ್ಡಾದಿಡ್ಡಿ ಬಂದು, ಕೈ ಸುಟ್ಟುಕೊಂಡು, ಬುದ್ಧಿ ಕಲಿಯುತ್ತಿದ್ದೆ. ನೂರು ಇರುವುದರಿಂದ ಚುಕ್ಕಿ ಹಾಕುವ ಅಡ್ಡದಾರಿ ಹೆಚ್ಚು ಕಡಿಮೆ ಯಾವಾಗಲೂ ಸರಿಯಾಗಿಯೇ ನಡೆಯುತ್ತದೆ. ಚಿಕ್ಕಪ್ಪನ ಆರು ಸಾಲಿನಲ್ಲಿ ನಾಲ್ಕು ಸಾಲು ಸರಿಯಾಗಿಯೇ ಒತ್ತಿದ್ದೆ. 65, 90, 48, 82 ಎಲ್ಲ ಎರಡಂಕಿಯವು. ಎರಡಂಕಿಯ ಕೆಜಿಯನ್ನು ಚುಕ್ಕಿಯ ಪಕ್ಕ ಹಾಗೇ ಇಟ್ಟರೆ ಅದು ನಿಜವಾದ ದಶಾಂಶವೇ ಆಗುತ್ತದೆ. ಎಡವುವುದು ಒಂದರಿಂದ ಒಂಬತ್ತು ಕೆಜಿ ಬಂದ ದಿನ ಮಾತ್ರ. ಸೊನ್ನೆಯಿಂದ ತೊಂಬತ್ತೊಂಬತ್ತರವರೆಗಿನ ನೂರು ಅಂಕಿಗಳಲ್ಲಿ ಅಪಾಯದವು ಒಂಬತ್ತೇ.

ಒಂಬತ್ತೇ ಅಲ್ವಾ ಅಂತ ಅಸಡ್ಡೆ ಮಾಡುವ ಹಾಗೂ ಇಲ್ಲ. ಕೆಜಿ ಯಾವುದು ಬೇಕಾದರೂ ಬರಬಹುದು ಅಂತ ಇಟ್ಟುಕೊಂಡರೆ, ಒಂದು ಸಾಲು ಸುರಕ್ಷಿತವಾಗಿರುವ ಸಾಧ್ಯತೆ ನೂರಕ್ಕೆ 91. ಆರೂ ಸಾಲು ಸುರಕ್ಷಿತವಾಗಿರುವ ಸಾಧ್ಯತೆ ಬೇಕೆಂದರೆ 0.91 ಅನ್ನು ಆರು ಸಲ ಗುಣಿಸಬೇಕು. ಸುಮಾರು 0.57 ಬರುತ್ತದೆ. ಅಂದರೆ ಆರು ಸಂತೆಯ ಲೆಕ್ಕದಲ್ಲಿ ಒಂದಾದರೂ ಇಂಥ ಸಾಲು ಇರುವ ಸಾಧ್ಯತೆ ನೂರಕ್ಕೆ 43. ಗುಮಾಸ್ತರ ಹತ್ತಿರ ಪ್ರತಿ ಸುಗ್ಗಿಗೆ ಮೂರ್ನಾಲ್ಕು ಜನ ಬರುವುದರಲ್ಲಿ ಆಶ್ಚರ್ಯ ಏನಿಲ್ಲ.

ಬೇಸರದ ಸಂಗತಿ ಇನ್ನೊಂದಿದೆ. ಒತ್ತುವಾಗ ಆಗುವ ಈ ತಪ್ಪು ಒಂದೇ ದಿಕ್ಕಿಗೆ ವಾಲುತ್ತದೆ. ಐದು ಐವತ್ತಾಗುತ್ತದೆಯೇ ಹೊರತು ಐವತ್ತು ಐದಾಗುವುದಿಲ್ಲ. ಹಾಗಾಗಿ ಬೆಳೆದವನು ಮನೆಯಲ್ಲಿ ಕೂತು ಕೂಡಿದ ಮೊತ್ತ ಯಾವಾಗಲೂ ಜಾಸ್ತಿ, ಕೊಂಡವನ ಚೀಟಿ ಯಾವಾಗಲೂ ಕಮ್ಮಿ. ಎರಡೂ ಕಡೆ ವಾಲುವ ತಪ್ಪಾಗಿದ್ದರೆ ಒಂದು ಸಲವಾದರೂ ನಮ್ಮ ಲೆಕ್ಕವೇ ಕಮ್ಮಿ ಬಂದು ಅನುಮಾನ ನಮ್ಮ ಮೇಲೇ ತಿರುಗುತ್ತಿತ್ತು. ವರ್ಷ ವರ್ಷವೂ ಒಂದೇ ಕಡೆಗೆ ಕೊರತೆ ಕಂಡರೆ ಮನಸ್ಸಿಗೆ ಮೊದಲು ಹೊಳೆಯುವುದು ಮೋಸ. ಮೋಸ ಇರುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಅದನ್ನು ಹಿಡಿಯುವ ಮೊದಲು ನಮ್ಮ ಚುಕ್ಕಿಯನ್ನು ನೋಡಿಕೊಳ್ಳಬೇಕು.

ಪರದೆಯಿಂದ ಓದುವಾಗ ಮಾತ್ರ ಇದೇ ತಪ್ಪು ಉಲ್ಟಾ ಆಗುತ್ತದೆ. ಮೂರನೇ ಸಂತೆಯ 6.90 ಅನ್ನು ಒತ್ತಿ ಸಮ ಒತ್ತಿದರೆ ಎಷ್ಟೋ ಕ್ಯಾಲ್ಕುಲೇಟರ್‌ಗಳು ಕೊನೆಯ ಸೊನ್ನೆ ನುಂಗಿ 6.9 ತೋರಿಸುತ್ತವೆ. ಅದನ್ನು ಯಾರಾದರೂ "ಆರು ಕ್ವಿಂಟಲ್ ಒಂಬತ್ತು ಕೆಜಿ" ಅಂತ ಓದಿ ಬರೆದುಕೊಂಡರೆ 81 ಕೆಜಿ ಮಾಯ. ಇದೂ ಒಂಬತ್ತರ ಮಗ್ಗಿಯದ್ದೇ.

(ಕ್ವಿಂಟಲ್ ಅನ್ನುವ ಪದದ ಒಳಗೇ ನೂರು ಇದೆ ಅನ್ನುವುದು ನನಗೆ ಆಮೇಲೆ ಗೊತ್ತಾಯಿತು. ಅರಬ್ಬಿಯ ಕಿಂತಾರ್‌ನಿಂದ ಬಂದದ್ದಂತೆ. ಅದರ ಹಿಂದೆ ಇರುವುದು ನೂರು ಅನ್ನುವ ಅರ್ಥದ ಲ್ಯಾಟಿನ್ ಪದ. ಆದರೆ ಯಾವುದರ ನೂರು ಅನ್ನುವುದು ಕಾಲಕ್ಕೆ ತಕ್ಕಂತೆ ಬದಲಾಗಿದೆ. ಹಳೆಯ ಸ್ಪೇನಿನ ಕ್ವಿಂಟಲ್ ನೂರು ಲಿಬ್ರಾ, ಅಂದರೆ ಸುಮಾರು 46 ಕೆಜಿ. ನಾವು ಈಗ ಬಳಸುವುದು ನೂರು ಕೆಜಿಯ ಮೆಟ್ರಿಕ್ ಕ್ವಿಂಟಲ್.)

ಕೂಡುವುದು ಹೇಗೆ

ಚುಕ್ಕಿಯನ್ನು ಬಿಟ್ಟು ಕೂಡಿದರೆ ಲೆಕ್ಕ ನಿಜಕ್ಕೂ ಸಣ್ಣದು. ಕೆಜಿಯನ್ನು ಬೇರೆ, ಕ್ವಿಂಟಲನ್ನು ಬೇರೆ ಕೂಡಬೇಕು. ಕೆಜಿ ಕಡೆ 65ಕ್ಕೆ 7 ಸೇರಿ 72, ಅದಕ್ಕೆ 90 ಸೇರಿ 162, ಮುಂದೆ 48 ಸೇರಿ 210, 5 ಸೇರಿ 215, 82 ಸೇರಿ 297. ಇನ್ನೂರ ತೊಂಬತ್ತೇಳು ಕೆಜಿ ಅಂದರೆ ಎರಡು ಕ್ವಿಂಟಲ್, ಮೇಲೆ 97 ಕೆಜಿ. 97 ಬರೆದು, ಕೈಯಲ್ಲಿ ಎರಡು. ಕ್ವಿಂಟಲ್ ಕಡೆ 8, 12, 6, 10, 9, 7 ಕೂಡಿದರೆ 52. ಕೈಯಲ್ಲಿದ್ದ ಎರಡು ಸೇರಿ 54. ಒಟ್ಟು 54 ಕ್ವಿಂಟಲ್ 97 ಕೆಜಿ. ವ್ಯಾಪಾರಿಯ ಚೀಟಿಯಲ್ಲಿದ್ದದ್ದೂ ಅದೇ, ಒಂದು ಕೆಜಿಯೂ ಆಚೀಚೆ ಇಲ್ಲ.

ಇಲ್ಲಿ ಎಡವುವ ಜಾಗ ಆ 297. ನನ್ನ ಅಕ್ಕನ ಮಗಳಿಗೆ ಇದೇ ಆರು ಸಾಲು ಕೊಟ್ಟು ನೋಡಿದೆ. ಅವಳು ಎರಡೂ ಕಡೆ ಸರಿಯಾಗಿ ಕೂಡಿ, ಉತ್ತರವನ್ನು "52.297 ಕ್ವಿಂಟಲ್" ಅಂತ ಬರೆದಳು. ಕೆಜಿ-ಗ್ರಾಂ ಲೆಕ್ಕ ಮಾಡಿ ಮಾಡಿ ಅವಳ ಕೈಗೆ ಚುಕ್ಕಿಯ ನಂತರ ಮೂರಂಕಿ ಬರೆಯುವ ರೂಢಿ. ಆದರೆ 52.297 ಕ್ವಿಂಟಲ್ ಅಂದರೆ 52 ಕ್ವಿಂಟಲ್ 29 ಕೆಜಿ 700 ಗ್ರಾಂ. ಕೂಡಿದ್ದರಲ್ಲಿ ಒಂದಂಕಿಯೂ ತಪ್ಪಿಲ್ಲ, ಬರೆದದ್ದರಲ್ಲಿ ಎರಡೂವರೆ ಕ್ವಿಂಟಲ್‌ಗಿಂತ ಜಾಸ್ತಿ ಹೋಯಿತು. ಚುಕ್ಕಿ ಹಾಕಬಾರದ ಕಡೆ ಹಾಕಿದರೆ ಕಾಸಿಗೂ ಬಾರದ ಉತ್ತರ ಎಷ್ಟು ಗಂಭೀರವಾಗಿ ಕಾಣುತ್ತದೆ ನೋಡಿ.

ನನಗೆ ಈಗ ಹಿಡಿಸಿರುವುದು ಇನ್ನೊಂದು ದಾರಿ. ಎಲ್ಲವನ್ನೂ ಕೆಜಿ ಮಾಡಿಬಿಡುವುದು. 865, 1207, 690, 1048, 905, 782. ಕೂಡಿದರೆ 5497. ಕೊನೆಯ ಎರಡಂಕಿಯ ಹಿಂದೆ ಒಂದು ಗೆರೆ ಎಳೆದರೆ 54 ಕ್ವಿಂಟಲ್, 97 ಕೆಜಿ. ಇದರಲ್ಲೂ ಸೊನ್ನೆ ಮರೆಯಬಹುದು, ನಿಜ. 12ರ ಪಕ್ಕ 7 ಇಟ್ಟು 127 ಅಂತ ಬರೆಯಬಹುದು. ಆದರೆ ಹಾಗೆ ಬರೆದ ತಕ್ಷಣ ಕಣ್ಣಿಗೆ ಹೊಡೆಯುತ್ತದೆ. ಹನ್ನೆರಡು ಕ್ವಿಂಟಲ್ ಹೇರಿಕೊಂಡು ಹೋದ ದಿನ ನೂರಿಪ್ಪತ್ತೇಳು ಕೆಜಿ ಹೇಗೆ ಬರುತ್ತದೆ? 1080 ಕೆಜಿ ಒಮ್ಮೆಲೇ ಕಾಣೆಯಾದರೆ ಯಾರಿಗಾದರೂ ಗೊತ್ತಾಗುತ್ತದೆ. ಚುಕ್ಕಿ ಹಾಕಿದ 12.7ರಲ್ಲಿ ಆದದ್ದು ಅದೇ ಸೊನ್ನೆಯ ತಪ್ಪು, ಆದರೆ 63 ಕೆಜಿಯಷ್ಟೇ ಹೆಚ್ಚಿ, ಯಾರ ಗಮನಕ್ಕೂ ಬಾರದೆ ಕೂತಿತ್ತು. ಕೆಜಿಯಲ್ಲಿ ಬರೆದರೆ ತಪ್ಪು ಕೂಗುತ್ತದೆ, ಚುಕ್ಕಿ ಹಾಕಿದರೆ ಪಿಸುಗುಟ್ಟುವುದೂ ಇಲ್ಲ.

ಸ್ಪ್ರೆಡ್‌ಶೀಟ್‌ನಲ್ಲಿ ಇಡುವವರು ಕ್ವಿಂಟಲ್‌ಗೆ ಒಂದು ಕಾಲಂ, ಕೆಜಿಗೆ ಒಂದು ಕಾಲಂ ಇಟ್ಟರೆ ಸಾಕು. ಕ್ವಿಂಟಲ್ B ಕಾಲಂನಲ್ಲಿ, ಕೆಜಿ C ಕಾಲಂನಲ್ಲಿ ಇದ್ದರೆ ಮೊತ್ತಕ್ಕೆ ಈ ಎರಡು ಸಾಲು:

```
=SUM(B2:B7)+INT(SUM(C2:C7)/100)
=MOD(SUM(C2:C7),100)
```

ಮೊದಲನೆಯದು 54 ಕೊಡುತ್ತದೆ, ಎರಡನೆಯದು 97. ಕೈಯಲ್ಲಿ ಎರಡು ಅನ್ನುವ ಕೆಲಸವನ್ನು `INT` ಮಾಡುತ್ತದೆ, ಮಿಕ್ಕಿದ್ದನ್ನು `MOD` ಇಟ್ಟುಕೊಳ್ಳುತ್ತದೆ. ಕೆಜಿ ಕಾಲಂನಲ್ಲಿ 7 ಅಂತ ಒತ್ತಿದರೆ ಅದು ಏಳೇ. 07 ಅಂತ ಒತ್ತಿದರೂ ಏಳೇ.

ಒಂಬತ್ತು ಹೇಳುವುದೂ, ಹೇಳದಿರುವುದೂ

ಗುಮಾಸ್ತರ ಉಪಾಯ ಕಲಿತ ಹೊಸದರಲ್ಲಿ ನಾನು ಕಂಡಕಂಡ ಲೆಕ್ಕವನ್ನೆಲ್ಲ ಒಂಬತ್ತರಿಂದ ಭಾಗಿಸುತ್ತಾ ಓಡಾಡಿದೆ. ಆಮೇಲೆ ಅದರ ಮಿತಿಯೂ ತಿಳಿಯಿತು. ವ್ಯತ್ಯಾಸ ಒಂಬತ್ತಕ್ಕೆ ಹೋಯಿತು ಅಂದ ಮಾತ್ರಕ್ಕೆ ತಪ್ಪು ಸೊನ್ನೆಯದ್ದೇ ಆಗಬೇಕಿಲ್ಲ. 48 ಬರೆಯುವ ಕಡೆ 84 ಬರೆದರೂ ವ್ಯತ್ಯಾಸ 36, ಅದೂ ಒಂಬತ್ತರ ಮಗ್ಗಿ. ಪಕ್ಕಪಕ್ಕದ ಎರಡಂಕಿ ಅದಲು ಬದಲಾದರೆ ಯಾವಾಗಲೂ ಹೀಗೇ. ಅಲ್ಲದೆ ಏನೇನೂ ಸಂಬಂಧವಿಲ್ಲದ ವ್ಯತ್ಯಾಸವೂ ಒಂಬತ್ತರಲ್ಲಿ ಒಂದು ಸಲ ಸುಮ್ನೆ ಕಾಕತಾಳೀಯವಾಗಿ ಒಂಬತ್ತಕ್ಕೆ ಹೋಗುತ್ತದೆ. ಅದು ಬೆರಳು ತೋರಿಸುತ್ತದೆ, ಅಷ್ಟೇ. ಏಳು ಕೆಜಿಯ ಸಾಲು, ಐದು ಕೆಜಿಯ ಸಾಲು ನಿಜವಾಗಿಯೂ ಪುಸ್ತಕದಲ್ಲಿ ಇದ್ದದ್ದು ಕಂಡ ಮೇಲೆಯೇ ಗುಮಾಸ್ತರು ಪೆನ್ನು ಮುಚ್ಚಿದ್ದು.

ಇದಕ್ಕಿಂತ ವಿಚಿತ್ರವಾದದ್ದು ಶಾಲೆಯಲ್ಲಿ ಕಲಿತ ತಾಳೆ ನೋಡುವ ವಿಧಾನ. ಪ್ರತಿ ಸಂಖ್ಯೆಯ ಅಂಕಿಗಳನ್ನು ಒಂದಂಕಿ ಬರುವವರೆಗೆ ಕೂಡುತ್ತಾ ಹೋಗಿ, ಮೊತ್ತದ ಜೊತೆ ಹೋಲಿಸುವುದು. ನಮ್ಮ ಆರು ಸಾಲನ್ನು ಕೆಜಿಯಲ್ಲಿ ಬರೆದು ಹಾಗೆ ಮಾಡಿದರೆ 1, 1, 6, 4, 5, 8 ಬರುತ್ತದೆ. ಕೂಡಿದರೆ 25, ಅಂದರೆ 7. ಸರಿಯಾದ ಮೊತ್ತ 5497ರ ಅಂಕಿಗಳನ್ನು ಕೂಡಿದರೂ 25, ಅಂದರೆ 7. ಭೇಷ್! ಈಗ ನನ್ನ ತಪ್ಪು ಮೊತ್ತ 5605 ತೆಗೆದುಕೊಳ್ಳಿ. ಐದು, ಆರು, ಸೊನ್ನೆ, ಐದು ಕೂಡಿದರೆ 16, ಅಂದರೆ ಅದೂ 7! ಒಂಬತ್ತರ ಮಗ್ಗಿಯಷ್ಟು ತಪ್ಪಾದರೆ ಆ ವಿಧಾನಕ್ಕೆ ಕಾಣುವುದೇ ಇಲ್ಲ. ವ್ಯತ್ಯಾಸ ಗೊತ್ತಿದ್ದಾಗ ಕಳ್ಳನನ್ನು ಹಿಡಿದುಕೊಡುವ ಅದೇ ಒಂಬತ್ತು, ವ್ಯತ್ಯಾಸ ಗೊತ್ತಿಲ್ಲದಾಗ ಕಳ್ಳನಿಗೆ ಬಾಗಿಲು ತೆರೆಯುತ್ತದೆ. ಅಂದು ರಾತ್ರಿ ನಾನು ಅಷ್ಟು ಶ್ರದ್ಧೆಯಿಂದ ತಾಳೆ ನೋಡಿದ್ದರೂ 56.05ಕ್ಕೆ ಮುದ್ರೆ ಒತ್ತಿಯೇ ಮಲಗುತ್ತಿದ್ದೆ.

ಒಂಬತ್ತಕ್ಕೆ ಹೋಗದ ವ್ಯತ್ಯಾಸಗಳಿಗೂ ಅವುಗಳದೇ ಮುಖ ಇರುತ್ತದೆ. ಸರಿಯಾಗಿ ನೂರು, ಇನ್ನೂರು ಬಂದರೆ ಕೈಯಲ್ಲಿದ್ದ ಕ್ವಿಂಟಲ್ ಮರೆತಿದ್ದೀರಿ. ವ್ಯತ್ಯಾಸ 690 ಬಂದರೆ ಮೂರನೇ ಸಂತೆಯ ಸಾಲನ್ನೇ ಬಿಟ್ಟಿದ್ದೀರಿ, ಅಥವಾ ಎದುರಿನವರು ಬಿಟ್ಟಿದ್ದಾರೆ, ಅಥವಾ ಒಬ್ಬರು ಎರಡು ಸಲ ಬರೆದಿದ್ದಾರೆ. ಹಾಗಾಗಿ ಜಗಳಕ್ಕೆ ಹೊರಡುವ ಮೊದಲು ವ್ಯತ್ಯಾಸವನ್ನು ಕೆಜಿಯಲ್ಲಿ ಬರೆದುಕೊಂಡು, ಮೊದಲು ಸಾಲುಗಳ ಜೊತೆ ಹೋಲಿಸಿ, ಆಮೇಲೆ ನೂರು, ಆಮೇಲೆ ಒಂಬತ್ತು ನೋಡುವುದು ನನ್ನ ಈಗಿನ ಕ್ರಮ.

ಮೊತ್ತ ತಾಳೆ ಬಿದ್ದರೂ ಒಳಗೆ ತಪ್ಪಿರಬಹುದು ಅನ್ನುವುದನ್ನು ಮಾತ್ರ ಮರೆಯಬಾರದು. ಒಂದು ದಿನ 5 ಕೆಜಿ 50 ಆಗಿ, ಇನ್ನೊಂದು ದಿನ ಪರದೆಯಿಂದ ಓದುವಾಗ 50 ಕೆಜಿ 5 ಆದರೆ, ಎರಡೂ ಹೊಡೆದುಹೋಗಿ ಒಟ್ಟು ತೂಕ ಕರಾರುವಾಕ್ಕಾಗಿ ಕೂರುತ್ತದೆ. ಆದರೆ ಒಂದೊಂದು ಸಂತೆಗೂ ಒಂದೊಂದು ದರ. ದರ ಚೆನ್ನಾಗಿದ್ದ ದಿನದ 45 ಕೆಜಿ ದರ ಬಿದ್ದ ದಿನಕ್ಕೆ ಜಾರಿದ್ದರೆ ತೂಕ ಸರಿ, ದುಡ್ಡು ತಪ್ಪು. ಆರು ದಿನದ ದರವನ್ನು ಕೂಡಿ ಆರರಿಂದ ಭಾಗಿಸಿ ಒಟ್ಟು ತೂಕಕ್ಕೆ ಗುಣಿಸುವವರೂ ಇದ್ದಾರೆ. ಹನ್ನೆರಡು ಕ್ವಿಂಟಲ್ ಹೋದ ದಿನಕ್ಕೂ ಆರೇಳು ಕ್ವಿಂಟಲ್ ಹೋದ ದಿನಕ್ಕೂ ಒಂದೇ ಬೆಲೆ ಕೊಟ್ಟ ಹಾಗಾಯಿತು ಅದು. ದುಡ್ಡಿನ ಲೆಕ್ಕ ಸಾಲು ಸಾಲಾಗಿಯೇ ಆಗಬೇಕು, ಬೇರೆ ದಾರಿ ಇಲ್ಲ.

ಚಿಲ್ಲರೆ ಕೆಜಿ

"ಚಿಲ್ಲರೆ ಬಿಡಿ, ಕ್ವಿಂಟಲ್ ಲೆಕ್ಕಕ್ಕೆ ಬರಲಿ" ಅನ್ನುವ ಮಾತು ಕೇಳಿದ್ದೀರಲ್ಲ. ಕೊನೆಯಲ್ಲಿ ಒಂದು ಸಲ ಬಿಟ್ಟರೆ ಹೋಗುವುದು 97 ಕೆಜಿ. ಅದೂ ಕಮ್ಮಿಯೇನಲ್ಲ. ಆದರೆ ಪ್ರತಿ ಸಂತೆಯಲ್ಲೂ ಬಿಡುತ್ತಾ ಬಂದರೆ 297 ಕೆಜಿಯೂ ಹೋಗಿ 52 ಕ್ವಿಂಟಲ್ ಉಳಿಯುತ್ತದೆ. ಒಂದೊಂದು ದಿನ ನೋಡಿದರೆ ಕ್ವಿಂಟಲ್‌ಗಿಂತ ಕಡಿಮೆಯೇ ಬಿಟ್ಟದ್ದು, ಆರು ದಿನಕ್ಕೆ ಮೂರು ಕ್ವಿಂಟಲ್‌ಗೆ ಮೂರೇ ಕೆಜಿ ಕಮ್ಮಿ. ಹತ್ತಿರದ ಕ್ವಿಂಟಲ್‌ಗೆ ಸರಿ ಮಾಡುವುದು ಬೇರೆ ಮಾತು. ಆಗ 65 ಮೇಲಕ್ಕೆ ಹೋಗುತ್ತದೆ, 7 ಕೆಳಕ್ಕೆ ಬರುತ್ತದೆ. ನಮ್ಮ ಆರು ದಿನ 9, 12, 7, 10, 9, 8 ಆಗಿ ಮೊತ್ತ 55. ನಿಜವಾದದ್ದಕ್ಕೆ ಬರೀ ಮೂರು ಕೆಜಿ ದೂರ. ಯಾವಾಗಲೂ ಇಷ್ಟು ಚೆನ್ನಾಗಿ ಕೂರುವುದಿಲ್ಲ, ಆದರೆ ಒಂದೇ ಕಡೆಗೆ ವಾಲುವುದಂತೂ ಇಲ್ಲ.

ಮನೆಯ ಐವತ್ತಾರು

ಇಷ್ಟೆಲ್ಲ ಆದ ಮೇಲೂ ಚಿಕ್ಕಪ್ಪನಿಗೆ ಒಂದು ಅನುಮಾನ ಉಳಿದಿತ್ತು. "ನಿನ್ನ ಫೋನು ತಪ್ಪು ಮಾಡಿತು, ಸರಿ. ನನ್ನ ತಕ್ಕಡಿನೂ ಅದೇ ತಪ್ಪು ಮಾಡ್ತಾ?" ಅಂದರು. ನ್ಯಾಯವಾದ ಪ್ರಶ್ನೆ. ನನ್ನ ತಪ್ಪು ಲೆಕ್ಕವನ್ನು ಅಂದು ರಾತ್ರಿ ನಂಬಿಸಿದ್ದೇ ಆ ಮನೆಯ ಐವತ್ತಾರು.

ಅದಕ್ಕೆ ಕಾರಣ ಕೂಡುವುದರಲ್ಲಿ ಇರಲಿಲ್ಲ, ಒಣಗುವುದರಲ್ಲಿತ್ತು. ಒಳಗೆ ತುಂಬಿಟ್ಟದ್ದು ಕೊಯ್ಲಾದ ಹೊಸದರಲ್ಲಿ. ಆಮೇಲೆ ವಾರಗಟ್ಟಲೆ ಧಾನ್ಯ ಮನೆಯಲ್ಲೇ ಇತ್ತು. ನೂರು ಕೆಜಿ ಧಾನ್ಯದಲ್ಲಿ ತೇವಾಂಶ ನೂರಕ್ಕೆ 14 ಇದ್ದರೆ ಅದರಲ್ಲಿ ನೀರು 14 ಕೆಜಿ, ಒಣ ಕಾಳು 86 ಕೆಜಿ. ಒಣಗಿ ತೇವಾಂಶ 12ಕ್ಕೆ ಇಳಿದರೂ ಆ 86 ಕೆಜಿ ಹಾಗೇ ಇರುತ್ತದೆ, ಆದರೆ ಈಗ ಅದು ಒಟ್ಟು ತೂಕದ ನೂರಕ್ಕೆ 88 ಪಾಲು. 86 ಅನ್ನು 0.88ರಿಂದ ಭಾಗಿಸಿದರೆ 97.7 ಕೆಜಿ. ತೇವಾಂಶ ಎರಡು ಇಳಿದರೆ ತೂಕವೂ ಎರಡೇ ಇಳಿಯುತ್ತದೆ ಅಂದುಕೊಳ್ಳುತ್ತೇವೆ, ನಿಜವಾಗಿ ಇಳಿಯುವುದು ಎರಡೂ ಕಾಲಿಗಿಂತ ಸ್ವಲ್ಪ ಹೆಚ್ಚು. ಐವತ್ತಾರು ಕ್ವಿಂಟಲ್‌ಗೆ ಅದೇ ಲೆಕ್ಕ ಹಾಕಿದರೆ ಸುಮಾರು ಒಂದೂಕಾಲು ಕ್ವಿಂಟಲ್ ಗಾಳಿಗೆ ಹೋಗಿ, 54 ಕ್ವಿಂಟಲ್ 73 ಕೆಜಿ ಉಳಿಯುತ್ತದೆ. ನಾವು ತೇವಾಂಶ ಅಳೆದಿರಲಿಲ್ಲ, ಮೊದಲ ಸಂತೆಗೆ ಹೋದದ್ದು ಕೊನೆಯ ಸಂತೆಯದ್ದರಷ್ಟು ಒಣಗಿರಲೂ ಇಲ್ಲ. ಆದರೂ 54.97 ಬಂದದ್ದು ಅದೇ ಆಸುಪಾಸಿನಲ್ಲಿ. ನನ್ನ ಚುಕ್ಕಿಯ 108 ಕೆಜಿಯೂ, ಹಾರಿಹೋದ ನೀರಿನ ತೂಕವೂ ಹೆಚ್ಚು ಕಡಿಮೆ ಒಂದೇ ಅಳತೆಗೆ ಬಂದು, ಒಂದಕ್ಕೊಂದು ಸಾಕ್ಷಿ ಹೇಳಿಬಿಟ್ಟಿದ್ದವು.

ಚಿಕ್ಕಪ್ಪ ಪೂರ್ತಿ ಒಪ್ಪಿದರು ಅಂತ ಹೇಳಲಾರೆ. "ನೀರೂ ನಾನು ಹೊತ್ತು ತಂದದ್ದೇ" ಅಂದರು.

ಈ ಸಲದ ಪುಸ್ತಕಕ್ಕೆ ನಾನೇ ಗೆರೆ ಎಳೆದು ಕೊಟ್ಟೆ. ಕ್ವಿಂಟಲ್‌ಗೆ ಒಂದು ಕಾಲಂ, ಕೆಜಿಗೆ ಒಂದು ಕಾಲಂ, ಒಂದಂಕಿ ಬಂದರೆ ಮುಂದೆ ಸೊನ್ನೆ ಹಾಕಲೇಬೇಕು ಅಂತ ತಾಕೀತು. ಮೊದಲ ಎರಡು ಸಂತೆ ಎರಡಂಕಿಯಲ್ಲೇ ಹೋಯಿತು. ಮೂರನೇ ಸಂತೆಯ ಸಾಲು ನೋಡಿದರೆ 11, ಪಕ್ಕದಲ್ಲಿ ಬರೀ 4.

"ಚಿಕ್ಕಪ್ಪ, ಸೊನ್ನೆ ಎಲ್ಲಿ?"

"ಅದು ನಾಲ್ಕೇ ಕಣೋ" ಅಂದರು, ಕನ್ನಡಕ ಸರಿ ಮಾಡಿಕೊಳ್ಳುತ್ತಾ. "ನಲವತ್ತಾಗಿದ್ದರೆ ಸೊನ್ನೆ ಹಾಕ್ತಿರಲಿಲ್ವಾ?"